ಕ್ಲಸ್ಟರ್ ತಲೆನೋವಿಗೆ ನಾಲ್ಕು ಲೀಟರ್ ಆಕ್ಸಿಜನ್ ಸಾಲದು

ನಮಸ್ಕಾರ. "ಆಕ್ಸಿಜನ್ ಹಾಕಿ ನೋಡಿದ್ವಿ, ಏನೂ ಪ್ರಯೋಜನ ಆಗಲಿಲ್ಲ" ಅನ್ನೋ ಮಾತು ಕ್ಲಸ್ಟರ್ ತಲೆನೋವಿನವರ ಮನೆಗಳಲ್ಲಿ ಆಗಾಗ ಕೇಳಿಬರುತ್ತೆ. ಆ ಮಾತನ್ನು ನಂಬೋ ಮುಂಚೆ ನಾನು ಕೇಳೋದು ಎರಡೇ ಪ್ರಶ್ನೆ: ಯಾವ ಮಾಸ್ಕ್? ನಿಮಿಷಕ್ಕೆ ಎಷ್ಟು ಲೀಟರ್?

ಸಿಂಧನೂರು ಕಡೆಯ 35 ವರ್ಷದ ಒಬ್ಬ ಲಾರಿ ಚಾಲಕ ಅಂದುಕೊಳ್ಳಿ. ಮಲಗಿ ಒಂದೂವರೆ ಗಂಟೆಗೆ ಎಚ್ಚರ. ಬಲಗಣ್ಣಿನ ಹಿಂದೆ ಕಾದ ಸಲಾಕೆ ತಿವಿದಂಥ ನೋವು. ಅದೇ ಕಣ್ಣು ಕೆಂಪಾಗಿ ನೀರು ಸುರಿಯುತ್ತೆ, ಅದೇ ಕಡೆಯ ಮೂಗು ಕಟ್ಟುತ್ತೆ, ರೆಪ್ಪೆ ಜೋಲುತ್ತೆ. ಮೈಗ್ರೇನ್ ಬಂದವರು ಕತ್ತಲೆ ಕೋಣೆಯಲ್ಲಿ ಅಲ್ಲಾಡದೆ ಮಲಗ್ತಾರೆ, ಇವರಿಗೆ ಕೂತಲ್ಲಿ ಕೂರೋಕೆ ಆಗಲ್ಲ, ಅಂಗಳದಲ್ಲಿ ಶತಪಥ ಹಾಕ್ತಾರೆ. ಇದೇ ಕ್ಲಸ್ಟರ್ ತಲೆನೋವಿನ ದಾಳಿ. ನೋವು 15 ನಿಮಿಷದಿಂದ ಮೂರು ಗಂಟೆವರೆಗೂ ಇರಬಹುದು. ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಮೂಗಿಗೆ ಸಣ್ಣ ನಳಿಕೆ ಸಿಕ್ಕಿಸಿ 4 ಲೀಟರ್‌ಗೆ ಇಡ್ತಾರೆ. ನೋವು ಜಗ್ಗಲ್ಲ.

ಯಾಕೆ ಜಗ್ಗಲ್ಲ? ನೋವಿನಲ್ಲಿ ಏದುಸಿರು ಬಿಡೋ ಮನುಷ್ಯ ನಿಮಿಷಕ್ಕೆ 4 ಲೀಟರಿಗಿಂತ ಬಹಳ ಹೆಚ್ಚು ಗಾಳಿ ಎಳೀತಾನೆ. ಕೊರತೆಯನ್ನು ಕೋಣೆಯ ಗಾಳಿ ತುಂಬುತ್ತೆ, ಅದರಲ್ಲಿರೋ ಆಕ್ಸಿಜನ್ ಶೇ 21 ಮಾತ್ರ. ಒಟ್ಟಿನಲ್ಲಿ ಶ್ವಾಸಕೋಶಕ್ಕೆ ಹೋಗೋದು ಶೇ 36ರ ಆಸುಪಾಸು. ಉಸಿರಾಟದ ಕಾಯಿಲೆಯವರಿಗೆ ಅದು ಸಾಕಾಗಬಹುದು. ಇಲ್ಲಿ ಆಕ್ಸಿಜನ್ನೇ ಔಷಧಿ, ಶೇ 100ರ ಹತ್ತಿರ ಬೇಕು. ಅಷ್ಟಿದ್ದಾಗ ಹಿಗ್ಗಿದ ರಕ್ತನಾಳಗಳು ಕುಗ್ಗುತ್ತವೆ. ಪ್ರಾಣಿಗಳ ಮೇಲಿನ ಅಧ್ಯಯನಗಳು ಇನ್ನೊಂದನ್ನೂ ತೋರಿಸಿವೆ: ಕಣ್ಣೀರು, ಮೂಗಿನ ಸೋರಿಕೆ ತರಿಸೋ ನರಮಾರ್ಗದ ಉದ್ರೇಕವನ್ನೇ ಆಕ್ಸಿಜನ್ ತಗ್ಗಿಸುತ್ತೆ. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ನಿಮಿಷಕ್ಕೆ 12 ಲೀಟರಿನಂತೆ 15 ನಿಮಿಷ ಕೊಟ್ಟಾಗ ಶೇ 78ರಷ್ಟು ದಾಳಿಗಳಲ್ಲಿ ನೋವು ನಿಂತಿತು ಅಥವಾ ಸಾಕಷ್ಟು ಇಳಿಯಿತು. ಬರೀ ಗಾಳಿ ಕೊಟ್ಟಾಗ ಶೇ 20 ಮಾತ್ರ. ಈಗ ವೈದ್ಯರು ಬರೆಯೋದು 12ರಿಂದ 15 ಲೀಟರ್, 15ರಿಂದ 20 ನಿಮಿಷ.

ಇದಕ್ಕೆ ಬೇಕಾದದ್ದು ನಾನ್-ರೀಬ್ರೀದರ್ ಮಾಸ್ಕ್. ಕೆಳಗೆ ಪ್ಲಾಸ್ಟಿಕ್ ಚೀಲ ನೇತಾಡುತ್ತೆ, ಅದೇ ಗುರುತು. ಮೊದಲು ಆಕ್ಸಿಜನ್ ಬಿಟ್ಟು, ಮಾಸ್ಕಿನ ಒಳಗಿರೋ ಚೀಲದ ಬಾಯಿಯ ಕವಾಟವನ್ನು ಬೆರಳಲ್ಲಿ ಒತ್ತಿ ಹಿಡೀರಿ, ಚೀಲ ಉಬ್ಬಲಿ. ಆಮೇಲೆ ಮುಖಕ್ಕೆ ಹಾಕಿ, ಮೂಗಿನ ಮೇಲಿನ ತಗಡನ್ನು ಒತ್ತಿ ಕೂರಿಸಿ. ನೆಟ್ಟಗೆ ಕೂತು ಸ್ವಲ್ಪ ಮುಂದಕ್ಕೆ ಬಾಗಿ, ಒಂದೇ ಸಮನೆ ಉಸಿರಾಡಬೇಕು. ಉಸಿರು ಎಳೆದಾಗ ಚೀಲ ಪೂರಾ ಚಪ್ಪಟೆಯಾದ್ರೆ ಹರಿವು ಸಾಲ್ತಿಲ್ಲ ಅಂತ ಅರ್ಥ. ಚೀಲ ಅಲ್ಲಾಡೋದೇ ಇಲ್ಲ ಅಂದ್ರೆ ಮಾಸ್ಕ್ ಸಡಿಲವಾಗಿದೆ, ಸಂದಿಯಿಂದ ಹೊರಗಿನ ಗಾಳಿ ಒಳಗೆ ಬರ್ತಿದೆ. ಕೋವಿಡ್ ಕಾಲದಲ್ಲಿ ಕೊಂಡ 5 ಲೀಟರಿನ ಕಾನ್ಸಂಟ್ರೇಟರ್ ಮನೆಯಲ್ಲಿದ್ದರೂ ಈ ಕೆಲಸಕ್ಕೆ ಸಾಲದು.

ನೋವು ಶುರುವಾದ ಕೂಡಲೇ ಹಾಕಿದ್ರೆ ಫಲ ಹೆಚ್ಚು. ಹಳ್ಳಿಯಿಂದ ಆಸ್ಪತ್ರೆ ಮುಟ್ಟೋದ್ರೊಳಗೆ ಆ ಹೊತ್ತು ಕಳೆದುಹೋಗುತ್ತೆ. ಅದಕ್ಕೇ ನರರೋಗ ತಜ್ಞರು ಪರೀಕ್ಷಿಸಿ ಬರೆದುಕೊಟ್ಟ ಮೇಲೆ ಸಿಲಿಂಡರ್ ಮನೆಯಲ್ಲೇ ಇರಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತೆ. 15 ಲೀಟರಿಗೆ ಇಟ್ಟರೆ 100 ನಿಮಿಷ, ಅಂದ್ರೆ 20 ನಿಮಿಷದ ಐದು ದಾಳಿಗೆ ಸರಿಹೋಯಿತು. ದಿನಕ್ಕೆರಡು ದಾಳಿ ಬರೋರಿಗೆ ಮೂರು ದಿನಕ್ಕೂ ಬಾರದು. ಅಂಥವರು ಸುಮಾರು 7,000 ಲೀಟರಿನ ಡಿ-ಟೈಪ್ ಕೇಳಬೇಕು. ಹರಿವು ಅಳೆಯೋ ಫ್ಲೋಮೀಟರ್ 15 ಲೀಟರ್‌ವರೆಗೆ ತೋರಿಸೋದೇ ಆಗಿರಲಿ. ವೆಲ್ಡಿಂಗ್ ಅಂಗಡಿಯ ಸಿಲಿಂಡರ್ ಮಾತ್ರ ಬೇಡ, ಅದು ರೋಗಿಗೆ ಕೊಡೋಕೆ ಪರೀಕ್ಷಿಸಿ ತುಂಬಿದ್ದಲ್ಲ.

ಬೆಂಕಿಯ ವಿಷಯದಲ್ಲಿ ರಾಜಿ ಇಲ್ಲ. ಆಕ್ಸಿಜನ್ ತಾನು ಉರಿಯಲ್ಲ, ಆದರೆ ಹತ್ತಿರದ ಕಿಡಿಯನ್ನು ಜ್ವಾಲೆ ಮಾಡುತ್ತೆ, ಬಟ್ಟೆ ಕೂದಲಿನಲ್ಲೂ ಸೇರಿಕೊಂಡಿರುತ್ತೆ. ಕ್ಲಸ್ಟರ್ ತಲೆನೋವಿನವರಲ್ಲಿ ಬೀಡಿ ಸಿಗರೇಟು ಸೇದೋರು ಬಹಳ. ಮಾಸ್ಕ್ ತೆಗೆದ ತಕ್ಷಣ ಬೀಡಿ ಹಚ್ಚಿದ್ರೆ ಮುಖವೇ ಸುಡಬಹುದು. ದೇವರ ದೀಪ, ಊದಿನಕಡ್ಡಿ, ಒಲೆ ಇರೋ ಕೋಣೆ ಬೇಡ, ಕಿಟಕಿ ತೆಗೆದಿರಲಿ. ತಲೆನೋವು ಅಂತ ಹಣೆಗೆ ಬಾಮ್ ತಿಕ್ಕೋದು, ಕೊಬ್ಬರಿ ಎಣ್ಣೆ ಹಚ್ಚೋದು ನಮ್ಮಲ್ಲಿ ರೂಢಿ. ಜಿಡ್ಡು ಮತ್ತು ಆಕ್ಸಿಜನ್ ಕೂಡಬಾರದು. ಮುಖ, ಕೈ ಒರೆಸಿಕೊಂಡೇ ಮುಟ್ಟಿ, ರೆಗ್ಯುಲೇಟರಿಗೆ ಗ್ರೀಸ್ ಹಾಕಲೇಬೇಡಿ. ಸಿಲಿಂಡರನ್ನು ನಿಲ್ಲಿಸಿ ಗೋಡೆಗೆ ಸರಪಳಿ ಕಟ್ಟಿ, ಕೀಲಿಯನ್ನು ನಿಧಾನ ತಿರುಗಿಸಿ. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ, ಮುಚ್ಚಿದ ಕಾರಿನಲ್ಲಿ ಇಡಬೇಡಿ.

ಬಹುಕಾಲದ ಧೂಮಪಾನದಿಂದ ಶ್ವಾಸಕೋಶ ಹಾಳಾದವರಿಗೆ ಇಷ್ಟು ಆಕ್ಸಿಜನ್ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯಬಹುದು, ಅವರು ವೈದ್ಯರ ಎದುರಲ್ಲೇ ಮೊದಲ ಸಲ ತಗೊಳ್ಳಬೇಕು. 20 ನಿಮಿಷಕ್ಕೂ ನೋವು ಇಳಿಯದಿದ್ರೆ ಎಳೀತಾ ಕೂರದೆ, ವೈದ್ಯರು ಹೇಳಿದ ಬೇರೆ ಔಷಧಿಗೆ ಹೋಗಿ. ನಾಳೆಯ ದಾಳಿಯನ್ನು ಆಕ್ಸಿಜನ್ ತಡೆಯಲ್ಲ, ಅದಕ್ಕೆ ವೆರಾಪಮಿಲ್‌ನಂಥ ಮಾತ್ರೆ ಬೇರೆ ಬೇಕು, ಅದನ್ನು ಇಸಿಜಿ ನೋಡ್ತಾ ಏರಿಸ್ತಾರೆ. ಸಿಡಿಲು ಬಡಿದಂಥ ತಲೆನೋವು, ಜ್ವರ, ಕೈಕಾಲು ಸೋಲುವುದು ಇದ್ದರೆ ಅದು ಕ್ಲಸ್ಟರ್ ಅಂತ ಕೂರಬೇಡಿ, ಆಸ್ಪತ್ರೆಗೆ ಓಡಿ.

ದಾಳಿಗಳ ದಿನಗಳಲ್ಲಿ ಮನೆಯವರು ರಾತ್ರಿ ಮಲಗೋ ಮುಂಚೆ ಒಂದು ಸಲ ಸಿಲಿಂಡರಿನ ಮುಳ್ಳು ನೋಡಿ. ಕಾಲು ಭಾಗಕ್ಕೆ ಇಳಿದಿದ್ರೆ ಬಿ-ಟೈಪ್‌ನಲ್ಲಿ ಉಳಿದಿರೋದು ಒಂದೇ ದಾಳಿಯಷ್ಟು.