ಬ್ಯಾಂಕಿಗೆ ಬಂದಷ್ಟೇ ಮಾರಾಟವಲ್ಲ

ಕೇಳುಗರಿಗೆ ನಮಸ್ಕಾರ. ಮಡಿಕೇರಿ, ವಿರಾಜಪೇಟೆ ಕಡೆ ಕಾಫಿಪುಡಿ, ಕರಿಮೆಣಸನ್ನು ಸ್ವಂತ ವೆಬ್‌ಸೈಟಿನಲ್ಲೇ ಮಾರುವವರಿದ್ದಾರೆ. ಗಿರಾಕಿ ಕೊಟ್ಟ ಹಣ ಪೇಮೆಂಟ್ ಗೇಟ್‌ವೇ ಮೂಲಕ ಒಂದೆರಡು ದಿನದಲ್ಲಿ ಬ್ಯಾಂಕಿಗೆ ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ. ಆ ಕಡಿತದ ಲೆಕ್ಕವನ್ನೇ ಇವತ್ತು ನೋಡೋಣ.

ಒಂದು ದಿನ 10,000 ರೂಪಾಯಿಯ ಕಾಫಿಪುಡಿ ಮಾರಿದಿರಿ ಅನ್ನಿ. ಶೇಕಡ 5ರ ಜಿಎಸ್‌ಟಿ ಸೇರಿ ಗಿರಾಕಿಗಳು ಕೊಟ್ಟಿದ್ದು 10,500. ಗೇಟ್‌ವೇ ಶುಲ್ಕ ಶೇಕಡ 2 ಇದ್ದರೆ, ಅದು ಬೀಳುವುದು ತೆರಿಗೆ ಸೇರಿದ ಇಡೀ ಮೊತ್ತದ ಮೇಲೆ. ಹಾಗಾಗಿ ಶುಲ್ಕ 210 ರೂಪಾಯಿ. ಆ ಶುಲ್ಕಕ್ಕೆ ಶೇಕಡ 18 ಜಿಎಸ್‌ಟಿ ಬಿದ್ದರೆ ಅದು 37 ರೂಪಾಯಿ 80 ಪೈಸೆ. ಎರಡನ್ನೂ ಕಳೆದು ಬ್ಯಾಂಕಿಗೆ ಬಂದಿದ್ದು 10,252 ರೂಪಾಯಿ 20 ಪೈಸೆ.

ಸುಮಾರು ಜನ ಇದನ್ನೇ ತೆರಿಗೆ ಸೇರಿದ ಮಾರಾಟ ಅಂತ ಬರೆದುಬಿಡುತ್ತಾರೆ. ಆಗ ಮಾರಾಟ ಕಡಿಮೆ ತೋರಿಸಿ, ಕಟ್ಟಬೇಕಾದ ತೆರಿಗೆಯೂ ಕಡಿಮೆಯಾಗುತ್ತದೆ. ಇನ್ನೊಂದು ಕಡೆ, ವಾಪಸ್ ಪಡೆಯಬಹುದಾಗಿದ್ದ 37 ರೂಪಾಯಿ 80 ಪೈಸೆಯೂ ಹೋಗುತ್ತದೆ. ಮಾರಾಟವನ್ನು ಪೂರ್ತಿ ಬರೆಯಿರಿ. 210 ರೂಪಾಯಿ ಖರ್ಚು. ಅದರ ಮೇಲಿನ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಬಹುದಾದ ಮೊತ್ತವಾಗಿ, ಬೇರೆ ಇಡಿ.

ಆದರೆ ಆ ಕ್ರೆಡಿಟ್ ಪಡೆಯಲು, ಬ್ಯಾಂಕಿಗೆ ಹಾಕಿದ ಹಣಕ್ಕೆ ಗೇಟ್‌ವೇ ಕೊಡುವ ಸೆಟಲ್‌ಮೆಂಟ್ ರಿಪೋರ್ಟ್ ಸಾಲದು. ಗೇಟ್‌ವೇಯವರು ತಿಂಗಳಿಗೊಮ್ಮೆ ಕೊಡುವ ಶುಲ್ಕದ ಟ್ಯಾಕ್ಸ್ ಇನ್‌ವಾಯ್ಸ್ ಬೇಕು. ಅದನ್ನು ಅವರ ಡ್ಯಾಶ್‌ಬೋರ್ಡಿನಿಂದ ನೀವೇ ಇಳಿಸಿಕೊಳ್ಳಬೇಕಾಗಬಹುದು. ಅದೇ ಮೊತ್ತ ನಿಮ್ಮ ಜಿಎಸ್‌ಟಿಆರ್-2ಬಿಯಲ್ಲೂ, ಅಂದರೆ ಜಿಎಸ್‌ಟಿ ಪೋರ್ಟಲ್ ತಿಂಗಳಿಗೊಮ್ಮೆ ತೋರಿಸುವ ಕ್ರೆಡಿಟ್ ಪಟ್ಟಿಯಲ್ಲೂ ಕಾಣಬೇಕು. ಮುಂದಿನ ತಿಂಗಳ 14ರ ಹೊತ್ತಿಗೆ ನೋಡಿ. ಕಾಣದಿದ್ದರೆ ಮೊದಲು ಇನ್‌ವಾಯ್ಸಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇದೆಯಾ ಅಂತ ನೋಡಿ. ಖಾತೆ ತೆರೆಯುವಾಗ ನಂಬರ್ ಕೊಡದೆ ಬಿಟ್ಟಿದ್ದರೆ ಅವರು ನಿಮ್ಮನ್ನು ಸಾಮಾನ್ಯ ಗ್ರಾಹಕ ಅಂತಲೇ ಬಿಲ್ ಮಾಡಿರುತ್ತಾರೆ. ಹಳೆಯ ಬಿಲ್ ತಿದ್ದಿಸುವುದು ಸುಲಭವಲ್ಲ, ಇವತ್ತೇ ನಂಬರ್ ಹಾಕಿಸಿ.

ಹೋಂಸ್ಟೇ ನಡೆಸುವವರು ಗಮನಿಸಿ, ನಿಮ್ಮ ಲೆಕ್ಕ ಬೇರೆ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇಕಡ 5, ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಗೇಟ್‌ವೇ ಶುಲ್ಕದ ತೆರಿಗೆಯೂ ನಿಮಗೆ ಖರ್ಚೇ. ಪುಡಿ ಮಾರಾಟವೂ ಕೋಣೆ ಬಾಡಿಗೆಯೂ ಒಂದೇ ಗೇಟ್‌ವೇಯಲ್ಲಿದ್ದರೆ, ಯಾವುದಕ್ಕೆ ಎಷ್ಟು ಶುಲ್ಕ ಬಿತ್ತು ಅಂತ ವಿಂಗಡಿಸಲೇಬೇಕು.

ಇನ್ನು ಲೆಕ್ಕ ತಾಳೆ ನೋಡುವ ವಿಷಯ. ಪುಸ್ತಕದಲ್ಲಿ ಗೇಟ್‌ವೇ ಹೆಸರಲ್ಲೇ ಒಂದು ಖಾತೆ ತೆರೆಯಿರಿ. ಮಾರಾಟದ 10,500 ಮೊದಲು ಅಲ್ಲಿಗೆ ಹೋಗಲಿ. ಬ್ಯಾಂಕಿಗೆ ಬಂದಿದ್ದು, ಶುಲ್ಕ, ತೆರಿಗೆ ಅಲ್ಲಿಂದ ಕಳೆಯಲಿ. ಗಿರಾಕಿಗೆ ಹಣ ವಾಪಸ್ ಕೊಟ್ಟರೆ ಅದೂ ಮುಂದಿನ ಸೆಟಲ್‌ಮೆಂಟಿನಲ್ಲಿ ಕಡಿತವಾಗುತ್ತದೆ, ಮೊದಲು ಹಿಡಿದ ಶುಲ್ಕ ಮಾತ್ರ ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಮಾರ್ಚ್ 31ಕ್ಕೆ ಈ ಖಾತೆಯಲ್ಲಿ ಉಳಿದ ಹಣ, ಏಪ್ರಿಲ್ ಮೊದಲ ದಿನಗಳಲ್ಲಿ ಬ್ಯಾಂಕಿಗೆ ಬರುವ ಮಾರ್ಚ್ ಮಾರಾಟಕ್ಕೆ ಶುಲ್ಕ, ತೆರಿಗೆ ಸೇರಿಸಿ ಸರಿಯಾಗಿ ಹೊಂದಬೇಕು. ಹೊಂದದಿದ್ದರೆ ಯಾವುದೋ ರಿಫಂಡ್ ಬರೆಯದೆ ಉಳಿದಿದೆಯಾ ಅಂತ ಮೊದಲು ಹುಡುಕಿ.