ಒಂದೇ ಕ್ಯಾಪ್ಷನ್, ಎರಡು ಭಾಷೆ: ದನಿ ಎಲ್ಲಿ ಕೂತಿರುತ್ತದೆ?

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ತೀರ ಸಣ್ಣ ಬರಹದ ಬಗ್ಗೆ. ಫೋಟೋ ಕೆಳಗೆ ಎರಡು ಸಾಲು ಬರೆಯುತ್ತೇವಲ್ಲ, ಆ ಕ್ಯಾಪ್ಷನ್ ಬಗ್ಗೆ. ಅದರಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಬೆರೆತಾಗ ಓದುವವರ ಕಿವಿಗೆ ಅದು ಹೇಗೆ ಕೇಳಿಸುತ್ತದೆ, ಯಾಕೆ ಹಾಗೆ ಕೇಳಿಸುತ್ತದೆ ಅನ್ನೋದು ನನ್ನ ವಿಷಯ. ಬೆರೆಸಬೇಕೋ ಬೇಡವೋ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಊರಲ್ಲಿ ಬೆಳೆದ ಹುಡುಗ ಹುಡುಗಿಯರು ದಿನವೂ ಬೆರೆಸಿಯೇ ಮಾತಾಡುತ್ತಾರೆ, ಬೆರೆಸಿಯೇ ಬರೆಯುತ್ತಾರೆ. ಬೆರೆಸುವುದರಲ್ಲೂ ಒಂದು ಹದ ಇದೆ. ಆ ಹದ ಎಲ್ಲಿದೆ ಅಂತ ನೋಡೋಣ.

ಒಂದು ಕ್ಯಾಪ್ಷನ್ ಇಟ್ಟುಕೊಂಡೇ ಶುರು ಮಾಡುತ್ತೇನೆ. ನಾನು ಬರವಣಿಗೆ ಹೇಳಿಕೊಡುವ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ಅವಳ ಅಪ್ಪ ಕೆಲಸದಿಂದ ನಿವೃತ್ತರಾದ ದಿನ ಒಂದು ಫೋಟೋ ಹಾಕಬೇಕಿತ್ತು. ಕೊರಳಲ್ಲಿ ಹಾರ, ಕೈಯಲ್ಲಿ ಹಳೇ ಟಿಫಿನ್ ಬ್ಯಾಗ್. ಅವಳು ಮೊದಲು ಬರೆದದ್ದು ಹೀಗೆ:

"35 ವರ್ಷಗಳ ಸುದೀರ್ಘ ಸೇವೆಯ ನಂತರ ನನ್ನ ತಂದೆಯವರು ಇಂದು ನಿವೃತ್ತರಾದರು. ಅವರಿಗೆ ಹೃತ್ಪೂರ್ವಕ ಅಭಿನಂದನೆಗಳು."

ತಪ್ಪೇನೂ ಇಲ್ಲ. ಆದರೆ ಮಗಳು ಬರೆದ ಹಾಗಿಲ್ಲ, ಅಲ್ವಾ? ಬೀಳ್ಕೊಡುಗೆ ಸಮಾರಂಭದಲ್ಲಿ ಮೈಕ್ ಹಿಡಿದವರು ಓದಿದ ಹಾಗಿದೆ. ಅವಳಿಗೂ ಹಾಗೇ ಅನಿಸಿತು. ಅಳಿಸಿ, ಪೂರ್ತಿ ಇಂಗ್ಲಿಷಿನಲ್ಲಿ ಬರೆದಳು. ಆಗ ಅದು ಕೆಲಸ ಹುಡುಕುವವರ ಪ್ರೊಫೈಲಿನಲ್ಲಿ ಬರುವ ಪೋಸ್ಟಿನ ಹಾಗೆ ಆಯಿತು. ಅಪ್ಪ ಅದರಲ್ಲಿ ಯಾವುದೋ ಹಿರಿಯ ಅಧಿಕಾರಿಯ ತರ ಕಂಡರು.

ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ಭಾಷಾವಿಜ್ಞಾನಿ ಜಾನ್ ಗಂಪರ್ಜ್ 1982ರಲ್ಲಿ ಎರಡು ಭಾಷೆ ಆಡುವ ಜನರ ಬಗ್ಗೆ ಬರೆಯುತ್ತಾ 'ನಮ್ಮ ನುಡಿ', 'ಅವರ ನುಡಿ' ಅಂತ ಒಂದು ವ್ಯತ್ಯಾಸ ಹೇಳಿದರು. ಮನೆಯವರ ಜೊತೆ, ಗೆಳೆಯರ ಜೊತೆ ಆಡುವುದು ನಮ್ಮ ನುಡಿ. ಹೊರಗಿನವರ ಜೊತೆ, ಬಿಗುವಿನ ಜಾಗದಲ್ಲಿ ಆಡುವುದು ಅವರ ನುಡಿ. ಇದನ್ನು ಕೇಳಿದ ಕೂಡಲೇ ಕನ್ನಡ ನಮ್ಮದು, ಇಂಗ್ಲಿಷ್ ಅವರದು ಅಂದುಕೊಳ್ಳುತ್ತೇವೆ. ಕ್ಯಾಪ್ಷನ್ ಬರೆಯುವವರ ಅನುಭವ ಅಷ್ಟು ಸರಳವಾಗಿಲ್ಲ. ಅವರ ಕೈಯಲ್ಲಿ ಎರಡಲ್ಲ, ಮೂರು ನುಡಿ ಇವೆ. ಮನೆಯಲ್ಲಿ ಆಡುವ ಕನ್ನಡ ಒಂದು. ಪಾಠದ ಪುಸ್ತಕ, ವೇದಿಕೆ, ಆಮಂತ್ರಣ ಪತ್ರಿಕೆಯ ಕನ್ನಡ ಇನ್ನೊಂದು. ಮೂರನೆಯದು ಇಂಗ್ಲಿಷ್. ವೇದಿಕೆಯ ಕನ್ನಡ ಎಷ್ಟೋ ಸಲ ಅವರಿಗೆ ಇಂಗ್ಲಿಷಿಗಿಂತ ದೂರದಲ್ಲಿರುತ್ತದೆ.

ಅಮ್ಮನಿಗೆ "ಧನ್ಯವಾದಗಳು" ಅಂತ ಬರೆದು ನೋಡಿ. ತುಂಬ ಜನರಿಗೆ ಅದು ವಂದನಾರ್ಪಣೆಯ ಹಾಗೆ ಕೇಳುತ್ತದೆ. "ಥ್ಯಾಂಕ್ಸ್ ಅಮ್ಮ" ಅಂದರೆ ಸರಿಹೋಗುತ್ತದೆ. ಇಲ್ಲಿ ಇಂಗ್ಲಿಷ್ ಪದ ದೊಡ್ಡಸ್ತಿಕೆಗೆ ಬಂದಿಲ್ಲ. ಆಡುಮಾತಿಗೂ ವೇದಿಕೆಯ ಮಾತಿಗೂ ನಡುವೆ ಖಾಲಿ ಉಳಿದ ಜಾಗವನ್ನು ತುಂಬಲು ಬಂದಿದೆ. ನಮ್ಮ ಮನೆಗಳಲ್ಲಿ ಕೃತಜ್ಞತೆ, ಕ್ಷಮೆ, ಪ್ರೀತಿ ಇವನ್ನೆಲ್ಲ ಬಾಯಿಬಿಟ್ಟು ಹೇಳುವ ರೂಢಿ ಕಮ್ಮಿ. ತಟ್ಟೆಗೆ ಇನ್ನೊಂದು ಸೌಟು ಬಡಿಸಿ ಹೇಳುತ್ತೇವೆ, "ಊಟ ಆಯ್ತಾ" ಅಂತ ಕೇಳಿ ಹೇಳುತ್ತೇವೆ. ಬರೆದೇ ಹೇಳಬೇಕು ಅಂದಾಗ ಪದ ಹುಡುಕುವುದು ಕಷ್ಟ ಆಗುತ್ತದೆ. "ಅಪ್ಪ, ನಿಮ್ಮನ್ನು ಪ್ರೀತಿಸುತ್ತೇನೆ" ಅಂದರೆ ಡಬ್ಬಿಂಗ್ ಮಾಡಿದ ಹಾಗೆ ಕೇಳುತ್ತದೆ. "ಲವ್ ಯೂ ಅಪ್ಪ" ಅಂದರೆ ಸಂಕೋಚ ಸ್ವಲ್ಪ ಕರಗುತ್ತದೆ. ಮಾತಿನ ಭಾರವನ್ನು ಇಂಗ್ಲಿಷ್ ಇಳಿಸುತ್ತದೆ, 'ಅಪ್ಪ' ಅನ್ನುವ ಕರೆ ಅದನ್ನು ಮತ್ತೆ ಮನೆಯೊಳಗೆ ತರುತ್ತದೆ. ಬರೀ "ಲವ್ ಯೂ" ಅಂತ ಬಿಟ್ಟರೆ ಆ ಹದ ಬರುವುದಿಲ್ಲ.

ಈಗ ವ್ಯಾಕರಣಕ್ಕೆ ಬರುತ್ತೇನೆ. ಹೆದರಬೇಡಿ, ಒಂದೇ ಮಾತು. ಕನ್ನಡ-ಇಂಗ್ಲಿಷ್ ಬೆರಕೆಯ ಬಗ್ಗೆಯೇ ಎಸ್.ಎನ್. ಶ್ರೀಧರ್ 1978ರಷ್ಟು ಹಿಂದೆಯೇ ಬರೆದಿದ್ದರು. ಆಮೇಲೂ ಈ ವಿಷಯದಲ್ಲಿ ಬೇಕಾದಷ್ಟು ಕೆಲಸ ಆಗಿದೆ. ಅದನ್ನೆಲ್ಲ ಓದದಿದ್ದರೂ ಒಂದು ಸಂಗತಿ ನಮ್ಮ ಕಿವಿಗೇ ಗೊತ್ತಿದೆ. ನಾವು ಬೆರೆಸುವಾಗ ಹೆಸರು, ವಸ್ತು, ಕೆಲಸದ ಪದ ಇಂಗ್ಲಿಷಿನಿಂದ ಬರುತ್ತದೆ. ಪ್ರತ್ಯಯ, ಕ್ರಿಯಾಪದದ ಬಾಲ ಕನ್ನಡದ್ದೇ ಇರುತ್ತದೆ. ಬಸ್ಸಲ್ಲಿ, ಆಫೀಸಿಂದ, ಫ್ರೆಂಡ್ಸ್‌ಗೆ. ಮಿಸ್ ಮಾಡ್ಕೊಂಡೆ, ಫೀಲ್ ಆಯ್ತು, ರಿಟೈರ್ ಆದ್ರು. ಇಂಗ್ಲಿಷ್ ಕ್ರಿಯಾಪದವೂ ನಮ್ಮಲ್ಲಿಗೆ ಬಂದಾಗ 'ಮಾಡು', 'ಆಗು' ಇವುಗಳ ಕೈ ಹಿಡಿದೇ ನಡೆಯುತ್ತದೆ.

ದನಿ ಕೂತಿರುವುದು ಆ ಬಾಲದಲ್ಲಿ. ಯಾಕೆಂದರೆ ಕನ್ನಡದ ಕ್ರಿಯಾಪದ ಬರೀ ಏನಾಯಿತು ಅಂತ ಹೇಳಿ ಸುಮ್ಮನಾಗುವುದಿಲ್ಲ. ಯಾರು ಯಾರಿಗೆ ಏನಾಗಬೇಕು ಅನ್ನುವುದನ್ನೂ ಹೇಳುತ್ತದೆ. "ರಿಟೈರ್ ಆದ", "ರಿಟೈರ್ ಆದ್ರು", "ನಿವೃತ್ತರಾದರು". ಸುದ್ದಿ ಒಂದೇ. ಮೊದಲನೆಯದರಲ್ಲಿ ಸಲಿಗೆ ಇದೆ, ಎರಡನೆಯದರಲ್ಲಿ ಮನೆಯ ಗೌರವ ಇದೆ, ಮೂರನೆಯದರಲ್ಲಿ ಸಭೆಯ ಗೌರವ ಇದೆ. ಇಂಗ್ಲಿಷ್ ಕ್ರಿಯಾಪದದ ರೂಪದಲ್ಲಿ ಈ ಮೂರು ಮೆಟ್ಟಿಲು ಇಲ್ಲ. ಹಾಗಾಗಿ ಒಂದು ಕ್ಯಾಪ್ಷನ್ನಿನಲ್ಲಿ ಎಷ್ಟು ಇಂಗ್ಲಿಷ್ ಪದ ಇವೆ ಅಂತ ಎಣಿಸಿದರೆ ದನಿಯ ಬಗ್ಗೆ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಕ್ರಿಯಾಪದ ಯಾವ ಭಾಷೆಯದು, ಅದರ ಬಾಲ ಯಾವುದು ಅಂತ ನೋಡಬೇಕು. ಹತ್ತು ಪದದಲ್ಲಿ ಏಳು ಇಂಗ್ಲಿಷ್ ಇದ್ದರೂ ಕೊನೆಯಲ್ಲಿ "ಆಗೋಯ್ತು ಕಣೋ" ಅಂತ ಇದ್ದರೆ ಆ ಸಾಲು ಕನ್ನಡದ್ದೇ.

ಹೀಗೆ ಬೆರೆಸಿ ಬರೆಯುವುದು ಹೊಸದೇನಲ್ಲ. ನೂರು ವರ್ಷದ ಹಿಂದೆಯೇ ಕೈಲಾಸಂ ತಮ್ಮ ನಾಟಕಗಳಲ್ಲಿ ಇಂಗ್ಲಿಷ್ ಬೆರೆತ ಕನ್ನಡವನ್ನು ಪಾತ್ರಗಳ ಬಾಯಲ್ಲಿ ಆಡಿಸಿದ್ದರು. ಆಗ ಆ ಬೆರಕೆ ಕೇಳಿದ ಕೂಡಲೇ ಇವರು ಇಂಗ್ಲಿಷ್ ಕಲಿತ ಪೇಟೆಯವರು ಅಂತ ಗುರುತು ಸಿಗುತ್ತಿತ್ತು. ಇವತ್ತು 'ಪ್ಲಾನ್', 'ಕ್ಯಾನ್ಸಲ್', 'ಟೆನ್ಶನ್' ಇಂಥ ಪದ ಅಂಥ ಯಾವ ಗುರುತನ್ನೂ ಕೊಡುವುದಿಲ್ಲ. ಎಲ್ಲರ ಬಾಯಲ್ಲೂ ಇವೆ. ಗುರುತು ಸಿಗುವುದು ಈಗ ಭಾಷೆ ಬದಲಾಗುವ ಜಾಗದಲ್ಲಿ. ಅದನ್ನು ನಾನು ಹೊಲಿಗೆ ಅಂತ ಕರೆಯುತ್ತೇನೆ.

ಹೊಲಿಗೆ ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ಓದುವವರು ಹತ್ತಿರ ಬರುತ್ತಾರೆ, ಇಲ್ಲವೇ ದೂರ ಹೋಗುತ್ತಾರೆ. ಇಂಗ್ಲಿಷಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿದರೆ, ಗುಂಪಿಗೆ ಮಾತಾಡುತ್ತಿದ್ದವರು ಪಕ್ಕಕ್ಕೆ ತಿರುಗಿ ನಮ್ಮೊಬ್ಬರಿಗೇ ಏನೋ ಹೇಳಿದ ಹಾಗಿರುತ್ತದೆ. ಕನ್ನಡದಲ್ಲಿ ಶುರುವಾಗಿ ಇಂಗ್ಲಿಷಿನ ಒಂದು ಸಣ್ಣ ತುಂಡಿನಲ್ಲಿ ಮುಗಿದರೆ ಉಲ್ಟಾ. ಒಳಗಿನ ಮಾತು ಆಡುತ್ತಿದ್ದವರು ಎದ್ದು ಬಾಗಿಲು ಹಾಕಿದ ಹಾಗೆ. ನನ್ನ ವಿದ್ಯಾರ್ಥಿನಿಯ ಮೂರನೇ ಪ್ರಯತ್ನದಲ್ಲಿ ಆದದ್ದು ಇದೇ:

"35 ವರ್ಷ ಸರ್ವಿಸ್ ಮಾಡಿ ಅಪ್ಪ ಇವತ್ತು ರಿಟೈರ್ ಆದ್ರು. ಸೋ ಪ್ರೌಡ್."

ಮೊದಲ ಸಾಲು ಚೆನ್ನಾಗಿ ಬಂದಿದೆ. 'ಸರ್ವಿಸ್', 'ರಿಟೈರ್' ಎರಡೂ ಆ ಮನೆಯಲ್ಲಿ ದಿನವೂ ಆಡುವ ಪದ. 'ಆದ್ರು' ಅನ್ನುವಲ್ಲಿ ಮಗಳ ದನಿ ಇದೆ. ಆದರೆ "ಸೋ ಪ್ರೌಡ್" ಅನ್ನುವುದು ಯಾರ ಅಪ್ಪನಿಗೂ, ಯಾವ ಫೋಟೋಗೂ ಹೊಂದುವ ಮಾತು. ಅದರಲ್ಲಿ ಕ್ರಿಯಾಪದ ಇಲ್ಲ, ಕರೆ ಇಲ್ಲ, ಯಾರು ಯಾರಿಗೆ ಹೇಳಿದರು ಅನ್ನುವುದೂ ಇಲ್ಲ. ಹೆಮ್ಮೆ ಮೂಡುವ ಜಾಗದಲ್ಲೇ ಮಾತು ತಣ್ಣಗಾಯಿತು. ಕೆಲವೊಮ್ಮೆ ಹಾಗೆ ತಣ್ಣಗಾಗುವುದೇ ಬೇಕಿರುತ್ತದೆ, ಅದನ್ನೂ ಹೇಳಬೇಕು. ನೋವಿನ ವಿಷಯ ಬರೆದಾಗ ಕೊನೆಗೊಂದು ಇಂಗ್ಲಿಷ್ ತುಂಡು ಇಟ್ಟು, ಇದರ ಬಗ್ಗೆ ಇನ್ನೇನೂ ಕೇಳಬೇಡಿ ಅಂತ ಸೂಚಿಸುವವರಿದ್ದಾರೆ. ಓದುವವರಿಗೂ ಅದು ಅರ್ಥ ಆಗುತ್ತದೆ. ಇಲ್ಲಿ ಮಾತ್ರ ಅವಳಿಗೆ ಅದು ಬೇಕಿರಲಿಲ್ಲ.

ಬೆರಕೆ ಜಾಸ್ತಿ ಎಡವುವುದು ಮಾರಾಟದ ಕ್ಯಾಪ್ಷನ್‌ಗಳಲ್ಲಿ. ಅಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಒಂದು, ಪೂರ್ತಿ ಇಂಗ್ಲಿಷ್ ವಾಕ್ಯ ಬರೆದು ಕೊನೆಗೆ 'ಗುರು', 'ಮಗಾ', 'ಸಖತ್' ಅಂತ ಒಂದು ಪದ ಅಂಟಿಸುವುದು. ಪರೀಕ್ಷೆ ಸುಲಭ. ಆ ಕನ್ನಡ ಪದವನ್ನು ತೆಗೆದು ಓದಿ. ವಾಕ್ಯಕ್ಕೆ ಏನೂ ಆಗದಿದ್ದರೆ ಅದು ಒಗ್ಗರಣೆಗೂ ಬಂದದ್ದಲ್ಲ, ಮೇಲೆ ಉದುರಿಸಿದ್ದು. ಹುಡುಗರು ಇದನ್ನು ಕ್ಷಣದಲ್ಲಿ ಹಿಡಿಯುತ್ತಾರೆ. ಕಾರಣವನ್ನು ಹೆಸರಿಟ್ಟು ಹೇಳದಿದ್ದರೂ "ಇದು ನಮ್ಮವರು ಬರೆದದ್ದಲ್ಲ" ಅನ್ನುತ್ತಾರೆ.

ಎರಡನೆಯದು ಇನ್ನೂ ಸೂಕ್ಷ್ಮ. "ಮಗಾ, ಇವತ್ತೇ ಬುಕ್ ಮಾಡಿ!" ಇದರಲ್ಲಿ ಎಲ್ಲ ಪದವೂ ಚಾಲ್ತಿಯಲ್ಲಿರುವವೇ. ಆದರೂ ಕಿವಿಗೆ ಕುಟುಕುತ್ತದೆ. 'ಮಗಾ' ಅಂತ ಹೆಗಲ ಮೇಲೆ ಕೈ ಹಾಕಿ, 'ಮಾಡಿ' ಅಂತ ಎರಡು ಹೆಜ್ಜೆ ಹಿಂದೆ ನಿಂತರೆ ಓದುವವರು ಯಾವುದನ್ನು ನಂಬಬೇಕು? 'ಮಗಾ' ಅಂದವರು 'ಮಾಡು' ಅನ್ನುತ್ತಾರೆ, ಇಲ್ಲವೇ 'ಮಾಡೋ' ಅನ್ನುತ್ತಾರೆ. ಹಾಗೆ ಏಕವಚನದಲ್ಲಿ ಬರೆಯುವುದಕ್ಕೆ ಮಾರುವವರಿಗೆ ಧೈರ್ಯ ಇರುವುದಿಲ್ಲ. ಗಿರಾಕಿಗೆ ಬೇಜಾರಾದೀತು ಅನ್ನುವ ಭಯ. ಆ ಭಯ ನ್ಯಾಯವಾದದ್ದೇ. ಹಾಗಿದ್ದಾಗ 'ಮಗಾ' ಬಿಡುವುದು ಒಳ್ಳೇದು. "ಇವತ್ತೇ ಬುಕ್ ಮಾಡಿ" ಅಂದರೆ ಸಾಕು, ಅದು ಬೆರೆತ ಮಾತೇ, ಮರ್ಯಾದೆಯೂ ಉಳಿಯುತ್ತದೆ.

ಲಿಪಿಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಹರಟೆಯ ದನಿ ತಾನಾಗಿ ಬರುತ್ತದೆ, ಗೆಳೆಯನಿಗೆ ಮೆಸೇಜ್ ಹಾಕಿದ ಹಾಗೆ. ಆದರೆ ಓದು ನಿಧಾನ ಆಗುತ್ತದೆ. ಬೆಲೆ, ಬೆಳೆ, ಬೇಳೆ ಮೂರೂ ಅಲ್ಲಿ ಸಾಮಾನ್ಯವಾಗಿ ಒಂದೇ ತರ ಕಾಣುತ್ತವೆ. ಒಂದು ಪದ, ಎರಡು ಪದ ಆದರೆ ಪರವಾಗಿಲ್ಲ. ಭಾವ ಗಟ್ಟಿಯಾಗಿರುವ ಸಾಲನ್ನು ಹಾಗೆ ಬರೆದರೆ ಓದುವವರು ಪದ ಬಿಡಿಸುವುದರಲ್ಲೇ ಉಳಿದುಬಿಡುತ್ತಾರೆ.

ಮತ್ತೆ ಆ ಹುಡುಗಿಯ ಕ್ಯಾಪ್ಷನ್ನಿಗೆ ಬರೋಣ. "ಸೋ ಪ್ರೌಡ್" ಬದಲು "ಹೆಮ್ಮೆ ಆಗ್ತಿದೆ" ಅಂತ ಹಾಕಲಾ ಅಂತ ಕೇಳಿದಳು. ಹಾಕಬಹುದಿತ್ತು. ಆದರೆ ನಾನು ಬೇರೆ ಪ್ರಶ್ನೆ ಕೇಳಿದೆ: "ಮನೆಯಲ್ಲಿ ಅಪ್ಪನನ್ನ ಬಹುವಚನದಲ್ಲಿ ಮಾತಾಡಿಸ್ತೀಯಾ?" ನಕ್ಕಳು. "ಇಲ್ಲ, ಬಾ ಅಪ್ಪ, ಹೋಗಪ್ಪ ಅಂತೀನಿ. ಬೇರೆಯವರ ಹತ್ರ ಹೇಳುವಾಗ ಮಾತ್ರ ಅಪ್ಪ ಬಂದ್ರು ಅಂತೀನಿ" ಅಂದಳು. ಎಷ್ಟೋ ಕನ್ನಡದ ಮನೆಗಳಲ್ಲಿ ಹಾಗೇ. ಜನರ ಮುಂದೆ ಬಹುವಚನ, ಎದುರಿಗೆ ಏಕವಚನ. ಅವಳಿಗೆ ಬೇಕಾದ ದನಿ ಆ ಎರಡರ ನಡುವಿನ ದಾರಿಯಲ್ಲೇ ಇತ್ತು. ಸ್ವಲ್ಪ ಹೊತ್ತು ಪೆನ್ನಿನ ತುದಿ ಕಚ್ಚಿಕೊಂಡು ಕೂತಳು. ಆಮೇಲೆ ಬರೆದದ್ದು ಇದು:

"35 ವರ್ಷ ಸರ್ವಿಸ್. ಅಪ್ಪ ಇವತ್ತು ರಿಟೈರ್ ಆದ್ರು.
ನಾಳೆ ಅಲಾರಾಂ ಇಲ್ಲ ಅಪ್ಪ, ಆರಾಮಾಗಿ ಮಲ್ಕೋ."

ಸರ್ವಿಸ್, ರಿಟೈರ್, ಅಲಾರಾಂ. ಮೂರು ಇಂಗ್ಲಿಷ್ ಪದ, ಮೂರೂ ಅಪ್ಪನ ನೌಕರಿಯ ಪದ. ಮೊದಲ ಸಾಲು ನಮಗೆ ಹೇಳಿದ್ದು, ಅದಕ್ಕೇ 'ಆದ್ರು'. ಎರಡನೆಯದು ಅಪ್ಪನಿಗೆ ಹೇಳಿದ್ದು, ಅದಕ್ಕೇ 'ಮಲ್ಕೋ'. ಹೆಮ್ಮೆ ಅನ್ನುವ ಪದ ಯಾವ ಭಾಷೆಯಲ್ಲೂ ಇಲ್ಲ. ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದಾಗ, 'ಮಲ್ಕೋ' ಅನ್ನುವಲ್ಲಿ ಅವಳ ದನಿ ತಾನಾಗಿಯೇ ಇಳಿಯಿತು.