ಪಗಾರ ಏರಿತು, ಕೈಗೆ ಬಂದದ್ದು ಅಷ್ಟೇ

ಕೇಳುಗರಿಗೆ ನಮಸ್ಕಾರ.

ನಾನು ಕಲಬುರಗಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ನಾಲ್ಕಾರು ದಾಲ್ ಮಿಲ್‌ಗಳು, ಒಂದೆರಡು ಶಾಲೆಗಳು, ಕೆಲವು ಅಂಗಡಿಗಳು. ಇವರ ನೌಕರರ ಪಗಾರ ಪಟ್ಟಿ ಪ್ರತಿ ತಿಂಗಳು ನನ್ನ ಮೇಜಿನ ಮೇಲೆ ಹಾದುಹೋಗುತ್ತದೆ. ಪಗಾರ ಚೀಟಿಯಲ್ಲಿ ಪಿ.ಟಿ. ಅಂತ ಒಂದು ಸಾಲು ಇರುತ್ತದಲ್ಲ, ಅಂದರೆ ವೃತ್ತಿ ತೆರಿಗೆ, ಇವತ್ತು ಅದರ ಬಗ್ಗೆ ಮಾತಾಡುತ್ತೇನೆ. ತಿಂಗಳಿಗೆ 200 ರೂಪಾಯಿಯ ಮಾತು. ಸಣ್ಣದು ಅನ್ನಿಸಬಹುದು. ಆದರೆ 25,000ದ ಆಸುಪಾಸಿನಲ್ಲಿ ಪಗಾರ ಇರುವವರಿಗೆ ಇದು ಸಣ್ಣ ಮಾತಲ್ಲ.

2026ರ ಮಾರ್ಚ್ ತಿಂಗಳಲ್ಲಿ ಒಂದು ದಾಲ್ ಮಿಲ್‌ನ ಮಹಿಳಾ ಸೂಪರ್‌ವೈಸರ್ ಒಬ್ಬರು ನನ್ನ ಬಳಿ ಬಂದರು. ಕೈಯಲ್ಲಿ ಮೂರು ಪಗಾರ ಚೀಟಿ. "ಸರ್ರ, ಹೋದ ವರ್ಷ ಏಪ್ರಿಲ್‌ನಾಗ ಪಗಾರ 200 ಏರಿಸ್ಯಾರ. ಕೈಗೆ ಮಾತ್ರ ಮೊದಲಿನಷ್ಟೇ ಬರ್ತದ. ಈ ಫೆಬ್ರವರಿ ಪಗಾರ ನೋಡ್ರಿ, ಇನ್ನೂ 100 ಕಮ್ಮಿ ಅದ. ಏನ್ ಹಿಡಿದಾರ ನೋಡ್ರಿ ಸರ್ರ" ಅಂದರು. ಯಾರೋ ತಪ್ಪು ಮಾಡಿದ್ದಾರೆ ಅಂತ ಅವರಿಗೆ ಅನುಮಾನ. ನಾವಿಬ್ಬರೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು.

ಮೊದಲ ಚೀಟಿ, 2025ರ ಮಾರ್ಚ್‌ದು. ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ 14,000. ಮನೆ ಬಾಡಿಗೆ ಭತ್ಯೆ ಮತ್ತೆ ಉಳಿದದ್ದು ಸೇರಿ 10,850. ಒಟ್ಟು 24,850. ಇದರಲ್ಲಿ ಪಿ.ಎಫ್. 14,000ದ ಮೇಲೆ ನೂರಕ್ಕೆ 12ರಂತೆ 1,680 ಕಡಿತ. ಪಿ.ಟಿ. ಇಲ್ಲ. ಕೈಗೆ 23,170.

ಎರಡನೆಯದು ಏಪ್ರಿಲ್‌ದು. ಮಾಲೀಕರು ಮನೆ ಬಾಡಿಗೆ ಭತ್ಯೆಯಲ್ಲಿ 200 ಹೆಚ್ಚಿಸಿದ್ದರು. ಬೇಸಿಕ್ ಮುಟ್ಟಿಲ್ಲ, ಹಾಗಾಗಿ ಪಿ.ಎಫ್. ಅದೇ 1,680. ಒಟ್ಟು ಪಗಾರ 25,050 ಆಯಿತು. ಆದರೆ ಈಗ ಪಿ.ಟಿ. 200 ಬಂದು ಕೂತಿದೆ. ಕಳೆದು ನೋಡಿದರೆ ಕೈಗೆ 23,170. ಒಂದು ರೂಪಾಯಿ ಆಚೆ ಈಚೆ ಇಲ್ಲ!

ಮೂರನೆಯದು ಫೆಬ್ರವರಿದು. ಪಿ.ಟಿ. 300. ಕೈಗೆ 23,070.

ವರ್ಷದ ಲೆಕ್ಕ ಹಾಕಿದೆವು. ಪಗಾರ ಏರಿದ್ದು 200ರಂತೆ ಹನ್ನೆರಡು ತಿಂಗಳಿಗೆ 2,400. ವೃತ್ತಿ ತೆರಿಗೆ ಹೋದದ್ದು ಹನ್ನೊಂದು ತಿಂಗಳು 200ರಂತೆ 2,200, ಫೆಬ್ರವರಿಯ 300 ಸೇರಿ 2,500. ಅಂದರೆ ಪಗಾರ ಏರಿದ ವರ್ಷವೇ ಆ ತಾಯಿಗೆ 100 ರೂಪಾಯಿ ನಷ್ಟ. ಇಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಎಲ್ಲ ಕಡಿತವೂ ಕಾನೂನಿನ ಪ್ರಕಾರವೇ ಇತ್ತು.

ಹೀಗೇಕೆ ಆಗುತ್ತದೆ? ನಮ್ಮ ರಾಜ್ಯದಲ್ಲಿ ಪಗಾರದಾರರಿಗೆ ವೃತ್ತಿ ತೆರಿಗೆಯ ಹಂತ ಒಂದೇ ಒಂದು. ತಿಂಗಳ ಪಗಾರ 25,000ಕ್ಕಿಂತ ಕಡಿಮೆ ಇದ್ದರೆ ಏನೂ ಇಲ್ಲ. 25,000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಆದಾಯ ತೆರಿಗೆಯಲ್ಲಿ ಮಿತಿ ದಾಟಿದ ಭಾಗಕ್ಕೆ ಮಾತ್ರ ಆ ದರ ಬೀಳುತ್ತದೆ. ಇಲ್ಲಿ ಹಾಗಲ್ಲ. ಹೊಸ್ತಿಲು ದಾಟಿದ ಕೂಡಲೇ ಪೂರ್ತಿ 200. 24,999 ಇದ್ದವರು ಸೊನ್ನೆ, 25,000 ಇದ್ದವರು ವರ್ಷಕ್ಕೆ 2,500. ಒಂದು ರೂಪಾಯಿಯ ಅಂತರಕ್ಕೆ ಇಷ್ಟು. ಇನ್ನು ತಿಂಗಳಿಗೆ ಎರಡು ಲಕ್ಷ ಪಗಾರ ಎಣಿಸುವವರೂ ಕಟ್ಟುವುದು ಅದೇ 2,500. ನನಗೆ ಇದು ಸರಿ ಅನ್ನಿಸುವುದಿಲ್ಲ. ನಡುವೆ ಒಂದು ಸಣ್ಣ ಮೆಟ್ಟಿಲು, 50 ಅಥವಾ 100 ರೂಪಾಯಿಯದು, ಇದ್ದಿದ್ದರೆ ಕೆಳಗಿನವರಿಗೆ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲ.

ಮೇಲಿನವರಿಗೆ ಯಾಕೆ ಹೆಚ್ಚು ಹಾಕುವುದಿಲ್ಲ ಅಂತ ಕೇಳಬಹುದು. ಸಂವಿಧಾನದ 276ನೇ ವಿಧಿ ಅದಕ್ಕೆ ಬೇಲಿ ಹಾಕಿದೆ. ಒಬ್ಬರಿಂದ ವರ್ಷಕ್ಕೆ 2,500ಕ್ಕಿಂತ ಜಾಸ್ತಿ ವೃತ್ತಿ ತೆರಿಗೆ ತೆಗೆದುಕೊಳ್ಳುವ ಹಾಗಿಲ್ಲ. ಮೊದಲು ಈ ಮಿತಿ ಬರೀ 250 ಇತ್ತು. 1988ರ ತಿದ್ದುಪಡಿಯಲ್ಲಿ 2,500 ಆಯಿತು. ಫೆಬ್ರವರಿಯ 300ರ ಗುಟ್ಟೂ ಇದೇ. 200ರಂತೆ ಹನ್ನೆರಡು ತಿಂಗಳಿಗೆ 2,400 ಆಗುತ್ತದೆ. ಮಿತಿ ಮುಟ್ಟಲು 100 ಉಳಿದಿತ್ತು. 2025ರ ಏಪ್ರಿಲ್ 1ರಿಂದ ಆ ನೂರನ್ನು ಫೆಬ್ರವರಿಯ ತಲೆಗೆ ಹಾಕಿದರು. ಹಾಗಾಗಿ 300 ಕಡಿತದ ಮೊದಲ ಫೆಬ್ರವರಿ ಬಂದದ್ದು 2026ರಲ್ಲಿ. ಆ ತಿಂಗಳು ನನಗೆ ಬಂದ ಫೋನುಗಳಿಗೆ ಲೆಕ್ಕವಿಲ್ಲ.

25,000ದ ಗೆರೆಯೂ ಬಹಳ ಹಳೆಯದಲ್ಲ. 2023ರ ಮಾರ್ಚ್‌ವರೆಗೆ ಗೆರೆ 15,000ಕ್ಕೇ ಇತ್ತು. ಏಪ್ರಿಲ್ 1ರಿಂದ ಅದನ್ನು 25,000ಕ್ಕೆ ಏರಿಸಿದರು. ಇಲ್ಲೇ ನಿಜವಾದ ತಪ್ಪು ಆಗುವ ಜಾಗ ಇದೆ. ಕೆಲವು ಕಡೆ ಪಗಾರ ಮಾಡುವ ಕಂಪ್ಯೂಟರ್‌ನಲ್ಲಿ ಹಳೆಯ ಗೆರೆಯನ್ನು ಹಾಗೇ ಬಿಟ್ಟಿರುತ್ತಾರೆ. ನಿಮ್ಮ ಒಟ್ಟು ಪಗಾರ 18,000 ಇದ್ದು ಚೀಟಿಯಲ್ಲಿ ಪಿ.ಟಿ. 200 ಅಂತ ಕಂಡರೆ ಸುಮ್ನೆ ಇರಬೇಡಿ. ಅದು ಹಿಡಿಯಬಾರದ ಹಣ. ತಿಂಗಳು ತಿಂಗಳು ಹಿಡಿದಿದ್ದರೆ ವರ್ಷಕ್ಕೆ 2,400 ಆಗುತ್ತದೆ, ವಾಪಸ್ ಕೇಳಿ.

ಇದರ ಉಲ್ಟಾ ಆಗುವುದೂ ಉಂಟು. ಪಗಾರ 25,000 ದಾಟಿದ್ದರೂ ಲೆಕ್ಕದವರು ಮರೆತು ಪಿ.ಟಿ. ಹಿಡಿದಿರುವುದಿಲ್ಲ. ಉಳೀತು ಅಂತ ಖುಷಿಪಡುವ ಹಾಗಿಲ್ಲ. ನೌಕರರಿಂದ ಹಿಡಿದಿರಲಿ, ಬಿಡಲಿ, ಸರ್ಕಾರಕ್ಕೆ ಕಟ್ಟುವ ಹೊಣೆ ಮಾಲೀಕರದು. ಈ ತಿಂಗಳದ್ದನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಆರು ತಿಂಗಳ ನಂತರ ಗೊತ್ತಾದಾಗ ಒಂದೇ ಪಗಾರದಲ್ಲಿ 1,200 ಹಿಡಿದು, ಮನೆ ಬಾಡಿಗೆ ಕಟ್ಟುವುದಕ್ಕೂ ಒದ್ದಾಡಿದವರನ್ನು ನಾನು ನೋಡಿದ್ದೇನೆ. ಆದ್ದರಿಂದ ಪಗಾರ ಏರಿದ ಮೊದಲ ತಿಂಗಳೇ ಆ ಸಾಲನ್ನು ನೋಡಿ.

ಯಾವ ಪಗಾರ ನೋಡಬೇಕು ಅಂತ ಬಹಳ ಜನ ಕೇಳುತ್ತಾರೆ. ಬೇಸಿಕ್ ಅಲ್ಲ, ಕೈಗೆ ಬರುವುದೂ ಅಲ್ಲ. ಕಡಿತಕ್ಕೆ ಮುಂಚಿನ ಒಟ್ಟು ಪಗಾರ. ಬೇಸಿಕ್, ತುಟ್ಟಿಭತ್ಯೆ, ಪ್ರತಿ ತಿಂಗಳು ಬರುವ ಉಳಿದ ಭತ್ಯೆಗಳು, ಎಲ್ಲ ಸೇರಿ. ಮತ್ತೆ ಇದು ತಿಂಗಳ ಲೆಕ್ಕ, ವರ್ಷದ್ದಲ್ಲ. ಆ ಸೂಪರ್‌ವೈಸರ್ ಒಂದು ತಿಂಗಳು ಎರಡು ದಿನ ಪಗಾರವಿಲ್ಲದ ರಜೆ ಹಾಕಿದರು ಅನ್ನಿ. 25,050ನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 835. ಎರಡು ದಿನಕ್ಕೆ 1,670 ಹೋಗಿ ಆ ತಿಂಗಳ ಪಗಾರ 23,380. ಗೆರೆಯ ಕೆಳಗೆ ಬಂತು. ಆ ತಿಂಗಳು ಪಿ.ಟಿ. ಹಿಡಿಯುವ ಹಾಗಿಲ್ಲ.

ಬೀದರ್ ಕಡೆಯ ಕೇಳುಗರಿಗೆ ಒಂದು ಮಾತು. ಮನೆ ಎಲ್ಲಿದೆ ಅಂತಲ್ಲ, ಕೆಲಸ ಎಲ್ಲಿದೆ ಅಂತ ನೋಡಬೇಕು. ಬೀದರ್‌ನಲ್ಲಿ 22,000 ಪಗಾರಕ್ಕೆ ವೃತ್ತಿ ತೆರಿಗೆ ಇಲ್ಲ. ಅದೇ ಪಗಾರಕ್ಕೆ ಗಡಿ ದಾಟಿ ಜಹೀರಾಬಾದ್‌ಗೆ ಕೆಲಸಕ್ಕೆ ಹೋದರೆ ತೆಲಂಗಾಣದ ನಿಯಮ, ತಿಂಗಳಿಗೆ 200. ಉದಗೀರ್ ಕಡೆ ಹೋದರೆ ಮಹಾರಾಷ್ಟ್ರದ್ದು. ಅಲ್ಲಿ ಗಂಡಸರಿಗೆ 10,000 ದಾಟಿದರೆ ವರ್ಷಕ್ಕೆ 2,500, ಹೆಂಗಸರಿಗೆ 25,000ವರೆಗೆ ಏನೂ ಇಲ್ಲ. ನೌಕರಿ ಒಪ್ಪುವ ಮೊದಲು ಇದನ್ನೂ ಲೆಕ್ಕ ಹಿಡಿಯಬೇಕು, ಅಲ್ವಾ?

ಆದಾಯ ತೆರಿಗೆ ಕಟ್ಟುವವರು ಹಳೆಯ ಪದ್ಧತಿಯಲ್ಲಿದ್ದರೆ ಈ 2,500ನ್ನು ಆದಾಯದಿಂದ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಆ ಅವಕಾಶ ಇಲ್ಲ.

ಈಗ ಆ ಸೂಪರ್‌ವೈಸರ್ ಅವರ ಮಾತಿಗೆ ಬರೋಣ. ಪಗಾರ ಎಷ್ಟಾದರೆ ಹೊಸ್ತಿಲು ದಾಟಿದ್ದು ಲಾಭ ಅಂತ ಅವರೇ ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. 2,500ನ್ನು ಹನ್ನೆರಡಕ್ಕೆ ಹಂಚಿದರೆ ತಿಂಗಳಿಗೆ 208 ರೂಪಾಯಿ ಚಿಲ್ಲರೆ. 24,999ಕ್ಕೆ ಅದನ್ನು ಕೂಡಿಸಿ. ಒಟ್ಟು ಪಗಾರ 25,208 ಆದಾಗ ವರ್ಷಕ್ಕೆ 3,02,496. ಅದರಲ್ಲಿ 2,500 ಹೋದರೆ 2,99,996. ಇತ್ತ 24,999ರಂತೆ ವರ್ಷಕ್ಕೆ 2,99,988. ಎಂಟು ರೂಪಾಯಿ ಮುಂದೆ. ಅಂದರೆ 25,000ದಿಂದ 25,207ರವರೆಗಿನ ಪಗಾರದವರಿಗೆ 24,999ರವರಿಗಿಂತ ಕಮ್ಮಿ ಉಳಿಯುತ್ತದೆ. ಇವರ ಪಗಾರ 25,050, ಸರಿಯಾಗಿ ಆ ಹಳ್ಳದಲ್ಲೇ ಬಿದ್ದಿತ್ತು. ಹೋದ ವರ್ಷ 200ರ ಬದಲು 149 ಏರಿಸಿದ್ದರೆ 24,999ಕ್ಕೆ ನಿಲ್ಲುತ್ತಿತ್ತು, ವರ್ಷಕ್ಕೆ 1,788 ಪೂರ್ತಿ ಮನೆಗೆ ಹೋಗುತ್ತಿತ್ತು.

"ಹಂಗಾದ್ರ 24,999 ಚೀಟಿಯಾಗ ತೋರ್ಸಿ, ಉಳಿದದ್ದು ಕೈಯಾಗ ಕೊಡ್ರಿ ಅಂದ್ರ ನಡೀತದೇನ್ರಿ?" ಅಂತಲೂ ಕೇಳಿದರು. ನಡೆಯುವುದಿಲ್ಲ. ಪ್ರತಿ ತಿಂಗಳು ಕೊಡುವುದು ಯಾವ ಹೆಸರಿನಲ್ಲಿ, ಯಾವ ಕೈಯಿಂದ ಕೊಟ್ಟರೂ ಪಗಾರವೇ. ಅಲ್ಲದೆ ಬ್ಯಾಂಕಿಗೆ ಸಾಲಕ್ಕೆ ಹೋದಾಗ ಚೀಟಿಯಲ್ಲಿರುವುದನ್ನೇ ನೋಡುತ್ತಾರೆ.

ನಾನು ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಮಾಲೀಕರ ಮುಂದೆ ಇಟ್ಟರು. ಮಾಲೀಕರಿಗೂ ಇದು ಗೊತ್ತಿರಲಿಲ್ಲ. ಏರಿಸಿದ್ದು ಪೂರ್ತಿ ತೆರಿಗೆಗೆ ಹೋಯಿತು ಅಂತ ತಿಳಿದು ಅವರಿಗೂ ಬೇಸರವಾಯಿತು. ಏಪ್ರಿಲ್ ಪಗಾರದಲ್ಲಿ ಮನೆ ಬಾಡಿಗೆ ಭತ್ಯೆಗೆ ಇನ್ನೂ 400 ಸೇರಿಸಿದರು. ಈಗ ಒಟ್ಟು 25,450. ಪಿ.ಎಫ್. 1,680, ಪಿ.ಟಿ. 200, ಕೈಗೆ 23,570. ಹೊಸ್ತಿಲಿನ ತೆರಿಗೆ ಮೊದಲೇ ಕಟ್ಟಿ ಆಗಿತ್ತಲ್ಲ, ಹಾಗಾಗಿ ಈ 400ರಲ್ಲಿ ಒಂದು ರೂಪಾಯಿಯೂ ಪಿ.ಟಿ.ಗೆ ಹೋಗಲಿಲ್ಲ. ಚೀಟಿ ಬಂದ ದಿನ ಅವರು ಫೋನ್ ಮಾಡಿ ಅಂದರು: "ಸರ್ರ, ಈ ಸಲ ನಾನೇ ಕೂಡಿಸಿ ಕಳೆದು ನೋಡೀನಿ, ಸರಿ ಅದ."

ನಮಸ್ಕಾರ.